ಮೆಹಂದಿ ಡಿಸೈನ್ ಫೋಟೋ ಡಿಲೀಟ್ ಆಯ್ತಾ? ಹೀಗೆ ಹೇಳಿ

ಫೋಟೋ ಕಳೆದುಹೋಗಿದೆ, ಮೆಹಂದಿ ಹಾಕುವವರು ಕೋನ್ ಹಿಡಿದು ಕೂತಿದ್ದಾರೆ. "ಅರೇಬಿಕ್ ಥರ, ಸಿಂಪಲ್ ಆಗಿ" ಅಂತ ಮಾತ್ರ ಹೇಳಬೇಡಿ. ಅದನ್ನು ಕೇಳಿ ಹತ್ತು ಜನ ಹತ್ತು ಥರ ಹಾಕ್ತಾರೆ!

ಒಂದು ಹಾಳೆ ಮೇಲೆ ಕೈಯಿಟ್ಟು ಸುತ್ತ ಪೆನ್ನಿನಿಂದ ಗೆರೆ ಎಳೆಯಿರಿ. ಮೊದಲು ಬಳ್ಳಿಯ ದಾರಿ ತೋರಿಸಿ: ಬಲಗೈಯ ಹಿಂಬದಿಯಲ್ಲಿ, ತೋರುಬೆರಳಿನ ತುದಿಯಿಂದ ಓರೆಯಾಗಿ ಇಳಿದು, ಕಿರುಬೆರಳಿನ ಕಡೆಯ ಮಣಿಕಟ್ಟಿಗೆ ಮುಗಿಯುತ್ತೆ. ಉಳಿದ ಬೆರಳು ಖಾಲಿ. ಖಾಲಿ ಬಿಡೋ ಜಾಗವನ್ನೂ ಬಾಯಿಬಿಟ್ಟು ಹೇಳಲೇಬೇಕು, ಇಲ್ಲದಿದ್ದರೆ ಅಲ್ಲಿ ಚುಕ್ಕಿ, ಎಲೆ ಬಂದು ಕೂರುತ್ತೆ.

ಆಮೇಲೆ ಚಿತ್ತಾರ. "ಮಾವಿನಕಾಯಿ" ಅಂದರೆ ಸಾಲದು. ಎಷ್ಟು, ಎಷ್ಟು ದೊಡ್ಡದು, ತುದಿ ಯಾವ ಕಡೆ ಬಾಗಿದೆ, ಒಳಗೆ ಏನಿದೆ? ಉದಾಹರಣೆಗೆ: ಮೂರು ಮಾವಿನಕಾಯಿ, ಹೆಬ್ಬೆರಳಿನ ಉಗುರಿನಷ್ಟು, ತುದಿ ಮಣಿಕಟ್ಟಿನ ಕಡೆ, ಒಳಗೆ ಜಾಲರಿ.

ಗೆರೆ ದಪ್ಪದಲ್ಲೇ ಹೆಚ್ಚು ಎಡವಟ್ಟಾಗೋದು. ಹೊರಗೆರೆ ಬೆಂಕಿಕಡ್ಡಿಯಷ್ಟು, ಒಳಗಿನದು ಹೊಲಿಗೆ ದಾರದಷ್ಟು ಅನ್ನಿ. ಕೋನ್ ತುದಿ ಎಷ್ಟು ಕತ್ತರಿಸ್ತಾರೆ, ಎಷ್ಟು ಒತ್ತುತ್ತಾರೆ ಅನ್ನೋದರ ಮೇಲೆ ದಪ್ಪ ನಿಲ್ಲುತ್ತೆ. ಹಾಗಾಗಿ ಅದೇ ಹಾಳೆ ಮೇಲೆ ಎರಡೂ ಗೆರೆ, ಜೊತೆಗೆ ಒಂದು ಮಾವಿನಕಾಯಿ ಹಾಕಿಸಿ ನೋಡಿ. ಜಾಲರಿಯ ಗೆರೆಗಳು ಒಂದಕ್ಕೊಂದು ಅಂಟಿಕೊಂಡರೆ, ಮಾವಿನಕಾಯಿ ದೊಡ್ಡದಾಗಬೇಕು, ಇಲ್ಲವೇ ಜಾಲರಿ ಬಿಡಬೇಕು.

ಇನ್ನೊಂದು ಮಾತು: ಕೈಯ ಹಿಂಬದಿಯಲ್ಲಿ ಬಣ್ಣ ಅಂಗೈಯಷ್ಟು ಗಾಢವಾಗಿ ಕೂರಲ್ಲ. ಅಲ್ಲಿ ತೀರಾ ಸಣ್ಣ ಗೆರೆ ಬೇಗ ಮಾಸುತ್ತೆ, ಸ್ವಲ್ಪ ದಪ್ಪವೇ ಕೇಳಿ.