ಅಂಗಡಿ ಬಾಡಿಗೆ ಮೇಲೆ ಜಿಎಸ್‌ಟಿ: ಮಾಲೀಕರು ಯಾವಾಗ ಕೇಳಬೇಕು, ಬಾಡಿಗೆದಾರರು ಯಾವಾಗ ಕಟ್ಟಬೇಕು?

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಯವರಿಗೆ ನೋಟಿಸ್ ಕಳಿಸಿದ ಮೇಲೆ ಒಂದು ಮಾತು ಎಲ್ಲರಿಗೂ ಬಾಯಿಪಾಠ ಆಗಿದೆ: ಸಾಮಾನು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡೋರಿಗೆ 20 ಲಕ್ಷ. ಅದು ದಾಟಿದರೆ ಜಿಎಸ್‌ಟಿ ನೋಂದಣಿ. ಆದರೆ ಅಂಗಡಿ, ಆಫೀಸು ಬಾಡಿಗೆಗೆ ಕೊಡೋದೂ ಜಿಎಸ್‌ಟಿ ಲೆಕ್ಕದಲ್ಲಿ ಒಂದು ಸೇವೆ ಅನ್ನೋದು ಬಹಳ ಜನರ ಗಮನಕ್ಕೆ ಬಂದಿಲ್ಲ. ಅದಕ್ಕೇ ಕೆಲವು ಮಾಲೀಕರು ಕೇಳಬಾರದ ಕಡೆ 18 ಪರ್ಸೆಂಟ್ ಕೇಳ್ತಿದ್ದಾರೆ, ಕೆಲವು ಬಾಡಿಗೆದಾರರು ಕಟ್ಟಲೇಬೇಕಾದ್ದನ್ನು ಕಟ್ಟದೆ ಕೂತಿದ್ದಾರೆ.

ವ್ಯಾಪಾರಕ್ಕೆ ಕೊಟ್ಟ ಜಾಗದ ಬಾಡಿಗೆಗೆ ಜಿಎಸ್‌ಟಿ ದರ 18 ಪರ್ಸೆಂಟ್. ಇದರಲ್ಲಿ 9 ಕೇಂದ್ರದ್ದು, 9 ರಾಜ್ಯದ್ದು. ದರದಲ್ಲಿ ಗೊಂದಲ ಇಲ್ಲ. ಅದನ್ನು ಯಾರು ಕಟ್ಟಬೇಕು, ಅಥವಾ ಯಾರೂ ಕಟ್ಟಬೇಕಾಗಿಲ್ಲವೇ ಅನ್ನೋದರಲ್ಲೇ ಗೊಂದಲ. ಅದು ಗೊತ್ತಾಗೋಕೆ ಎರಡು ಪ್ರಶ್ನೆ ಸಾಕು. ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇದೆಯಾ? ಬಾಡಿಗೆದಾರರಿಗೆ ಇದೆಯಾ?

ಒಂದು ಕಟ್ಟಡ, ನಾಲ್ಕು ಬಾಡಿಗೆದಾರರು

ಒಂದು ಉದಾಹರಣೆ ತಗೊಳ್ಳೋಣ. ನಿವೃತ್ತ ಮೇಷ್ಟ್ರೊಬ್ಬರು ಬಸ್ ಸ್ಟ್ಯಾಂಡ್ ಹತ್ತಿರ ಕಟ್ಟಡ ಕಟ್ಟಿಸಿದ್ದಾರೆ ಅಂದುಕೊಳ್ಳಿ. ಕೆಳಗಡೆ ಮೂರು ಮಳಿಗೆ. ಮೊಬೈಲ್ ಅಂಗಡಿಯ ಬಾಡಿಗೆ 15,000, ಟೈಲರ್ ಅಂಗಡಿಯದು 8,000, ಹೋಟೆಲ್‌ದು 12,000. ಮೇಲಿನ ಮಹಡಿಯಲ್ಲಿ ಒಂದು ಫೈನಾನ್ಸ್ ಕಂಪನಿಯ ಆಫೀಸು, ಅದರ ಬಾಡಿಗೆ 20,000. ತಿಂಗಳಿಗೆ ಒಟ್ಟು 55,000, ವರ್ಷಕ್ಕೆ 6 ಲಕ್ಷ 60 ಸಾವಿರ.

ಮೇಷ್ಟ್ರಿಗೆ ಬೇರೆ ವ್ಯಾಪಾರ ಇಲ್ಲ, ಬಾಡಿಗೆ 20 ಲಕ್ಷದ ಹತ್ತಿರವೂ ಬರಲ್ಲ. ಅವರು ನೋಂದಣಿ ಮಾಡಿಸಬೇಕಾಗಿಲ್ಲ. ನೋಂದಣಿ ಇಲ್ಲದವರು ಯಾರ ಹತ್ತಿರವೂ ಜಿಎಸ್‌ಟಿ ಅಂತ ಒಂದು ರೂಪಾಯಿ ಕೂಡ ಕೇಳೋ ಹಾಗಿಲ್ಲ. ಬರೀ ಬಾಡಿಗೆ ರಸೀದಿ ಕೊಟ್ಟರೆ ಆಯ್ತು.

ಹಾಗಂತ ಇಲ್ಲಿಗೆ ಮುಗಿಯಲಿಲ್ಲ. 2024ರ ಅಕ್ಟೋಬರ್ 10ರಿಂದ ಒಂದು ಹೊಸ ನಿಯಮ ಬಂದಿದೆ. ಮಾಲೀಕರಿಗೆ ನೋಂದಣಿ ಇಲ್ಲದೆ ಬಾಡಿಗೆದಾರರಿಗೆ ಇದ್ದರೆ, ಆ 18 ಪರ್ಸೆಂಟನ್ನು ಬಾಡಿಗೆದಾರರೇ ನೇರವಾಗಿ ಸರ್ಕಾರಕ್ಕೆ ಕಟ್ಟಬೇಕು. ಆಡಿಟರ್‌ಗಳು ಇದಕ್ಕೆ ರಿವರ್ಸ್ ಚಾರ್ಜ್ ಅಂತಾರೆ. ಮೊಬೈಲ್ ಅಂಗಡಿಯವರು ಸಾಮಾನ್ಯ ಜಿಎಸ್‌ಟಿಯಲ್ಲಿದ್ದಾರೆ. ಅವರು ಮೇಷ್ಟ್ರಿಗೆ 15,000 ಕೊಟ್ಟು, ಸರ್ಕಾರಕ್ಕೆ ಬೇರೆಯಾಗಿ 2,700 ಕಟ್ಟಬೇಕು. ಫೈನಾನ್ಸ್ ಕಂಪನಿ 3,600 ಕಟ್ಟಬೇಕು.

ಟೈಲರ್‌ಗೆ ನೋಂದಣಿಯೇ ಇಲ್ಲ. ಮಾಲೀಕರಿಗೂ ಇಲ್ಲ, ಇವರಿಗೂ ಇಲ್ಲ ಅಂದಮೇಲೆ ಯಾರೂ ಕಟ್ಟಬೇಕಾಗಿಲ್ಲ. ಹೋಟೆಲ್‌ನವರು ಕಾಂಪೋಸಿಷನ್ ಸ್ಕೀಮ್‌ನಲ್ಲಿದ್ದಾರೆ. ಮೊದಲು ಅವರೂ ಕಟ್ಟಬೇಕು ಅಂತಿತ್ತು. 2025ರ ಜನವರಿ 16ರಿಂದ ಕಾಂಪೋಸಿಷನ್‌ನಲ್ಲಿರೋ ಬಾಡಿಗೆದಾರರನ್ನು ಇದರಿಂದ ಬಿಟ್ಟಿದ್ದಾರೆ. ಹಾಗಾಗಿ ಹೋಟೆಲ್‌ನವರೂ ಈ 18 ಪರ್ಸೆಂಟ್ ಕಟ್ಟಬೇಕಾಗಿಲ್ಲ.

ಮೊಬೈಲ್ ಅಂಗಡಿಯವರಿಗೆ 2,700 ನಷ್ಟವೇ?

ಸರಿಯಾಗಿ ಮಾಡಿದರೆ ನಷ್ಟ ಅಲ್ಲ. ಮೇಷ್ಟ್ರು ಜಿಎಸ್‌ಟಿ ಬಿಲ್ ಕೊಡಲ್ಲವಲ್ಲ, ಅದಕ್ಕೆ ಅಂಗಡಿಯವರೇ ತಮ್ಮ ಹೆಸರಿನಲ್ಲಿ ಒಂದು ಸೆಲ್ಫ್ ಇನ್‌ವಾಯ್ಸ್ ಬರೆದಿಟ್ಟುಕೊಳ್ಳಬೇಕು. ಆಮೇಲೆ GSTR-3B ರಿಟರ್ನ್‌ನಲ್ಲಿ 3.1(d) ಅನ್ನೋ ಸಾಲಿನಲ್ಲಿ ಬಾಡಿಗೆ 15,000 ಮತ್ತು ತೆರಿಗೆ 2,700 ತೋರಿಸಬೇಕು. ಈ 2,700ನ್ನು ಕೈಯಿಂದ ದುಡ್ಡು ಹಾಕಿಯೇ ಕಟ್ಟಬೇಕು. ಖಾತೆಯಲ್ಲಿ ಎಷ್ಟೇ ಇನ್‌ಪುಟ್ ಕ್ರೆಡಿಟ್ ಇದ್ದರೂ ಅದರಿಂದ ವಜಾ ಮಾಡೋಕೆ ಬರಲ್ಲ. ಆದರೆ ಹೀಗೆ ಕಟ್ಟಿದ 2,700ನ್ನು ಅದೇ ರಿಟರ್ನ್‌ನಲ್ಲಿ ಇನ್‌ಪುಟ್ ಆಗಿ ತಗೊಂಡು, ಮೊಬೈಲ್ ಮಾರಾಟದ ತೆರಿಗೆಯಲ್ಲಿ ಕಳೆಯಬಹುದು.

ನಿಜವಾದ ನಷ್ಟ ಆಗೋದು ಇದನ್ನು ಮರೆತಾಗ. ನೋಂದಣಿ ಇದ್ದು, ನೋಂದಣಿ ಇಲ್ಲದ ಮಾಲೀಕರ ಮಳಿಗೆಯಲ್ಲಿ ಇರೋರು ತಮ್ಮ ಹಳೇ GSTR-3B ತೆಗೆದು ನೋಡಲಿ. 3.1(d) ಸಾಲು ಪ್ರತಿ ಸಲ ಖಾಲಿ ಇದ್ದರೆ ಬಾಡಿಗೆ ತೆರಿಗೆ ಕಟ್ಟಿಲ್ಲ ಅಂತಲೇ ಅರ್ಥ. ಬಾಕಿಗೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ ಬೀಳುತ್ತೆ. ತೆರಿಗೆ ಇನ್‌ಪುಟ್ ಆಗಿ ವಾಪಸ್ ಬರಬಹುದು, ಬಡ್ಡಿ ಬರಲ್ಲ.

ಅಂಗಡಿಯೂ ಇದೆ, ಬಾಡಿಗೆಯೂ ಬರುತ್ತೆ: ಸಿಕ್ಕಿಹಾಕಿಕೊಳ್ಳೋದು ಇಲ್ಲೇ

ನಮ್ಮ ಕಡೆ ಬಹಳ ಜನ ಕೆಳಗೆ ಸ್ವಂತ ಅಂಗಡಿ ಇಟ್ಟುಕೊಂಡು, ಪಕ್ಕದ ಒಂದೆರಡು ಮಳಿಗೆ ಬಾಡಿಗೆಗೆ ಕೊಟ್ಟಿರ್ತಾರೆ. ಇವರು ಸ್ವಲ್ಪ ನಿಧಾನವಾಗಿ ಓದಬೇಕು.

ಒಂದು ಕಿರಾಣಿ ಅಂಗಡಿಯ ವರ್ಷದ ವ್ಯಾಪಾರ 28 ಲಕ್ಷ ಅಂತ ಇಟ್ಕೊಳ್ಳಿ. 40 ಲಕ್ಷ ದಾಟಿಲ್ಲ, ಹಾಗಾಗಿ ನೋಂದಣಿ ಮಾಡಿಸಿಲ್ಲ. ಪಕ್ಕದ ಎರಡು ಮಳಿಗೆಯಿಂದ ತಲಾ 9,000 ಬಾಡಿಗೆ, ಅಂದರೆ ವರ್ಷಕ್ಕೆ 2 ಲಕ್ಷ 16 ಸಾವಿರ. ವ್ಯಾಪಾರ 40ರೊಳಗೆ, ಬಾಡಿಗೆ 20ರೊಳಗೆ, ಎರಡೂ ಕ್ಷೇಮ ಅಂತ ಅವರು ಅಂದುಕೊಳ್ತಾರೆ.

ಕಾನೂನು ಹಾಗೆ ಹೇಳಲ್ಲ. 40 ಲಕ್ಷದ ರಿಯಾಯಿತಿ ಇರೋದು ಬರೀ ಸಾಮಾನು ಮಾರೋರಿಗೆ ಮಾತ್ರ. ಜೊತೆಗೆ ಮಳಿಗೆ ಬಾಡಿಗೆಯೂ ಬಂತು ಅಂದರೆ ಅವರು ಸೇವೆಯನ್ನೂ ಕೊಟ್ಟ ಹಾಗಾಯ್ತು, ಮಿತಿ 20 ಲಕ್ಷಕ್ಕೆ ಇಳೀತು. ವ್ಯಾಪಾರ, ಬಾಡಿಗೆ ಬೇರೆ ಬೇರೆ ಲೆಕ್ಕ ಅಲ್ಲ. ಎರಡೂ ಸೇರಿಸಿ ನೋಡಬೇಕು. ಇಲ್ಲಿ ಒಟ್ಟು 30 ಲಕ್ಷ 16 ಸಾವಿರ ಆಗುತ್ತೆ. 20 ಲಕ್ಷ ದಾಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕಿತ್ತು. ತೆರಿಗೆ ಇಲ್ಲದ ವಹಿವಾಟನ್ನೂ ಈ ಒಟ್ಟು ಮೊತ್ತಕ್ಕೆ ಸೇರಿಸಬೇಕು. ಸಂಸಾರ ಇರೋ ಮನೆಯ ಬಾಡಿಗೆಗೆ ಜಿಎಸ್‌ಟಿ ಇಲ್ಲ, ಆದರೂ 20 ಲಕ್ಷದ ಎಣಿಕೆಗೆ ಅದು ಸೇರುತ್ತೆ.

ಈ ಎಣಿಕೆ ಪ್ಯಾನ್ ನಂಬರ್ ಮೇಲೆ ನಡೆಯೋದು. ಅಂಗಡಿ ಗಂಡನ ಹೆಸರಿನಲ್ಲಿದ್ದು, ಕಟ್ಟಡದ ಖಾತೆ, ಕರಾರು ಪತ್ರ, ಬಾಡಿಗೆ ಬೀಳೋ ಬ್ಯಾಂಕ್ ಅಕೌಂಟ್ ಎಲ್ಲಾ ನಿಜವಾಗಿ ಹೆಂಡತಿಯದ್ದೇ ಆಗಿದ್ದರೆ ಬಾಡಿಗೆ ಅವರ ಲೆಕ್ಕಕ್ಕೇ ಹೋಗುತ್ತೆ. ಹಾಗಾಗಿ ಗಾಬರಿ ಆಗೋ ಮೊದಲು ಖಾತೆ ಯಾರ ಹೆಸರಲ್ಲಿದೆ ನೋಡಿ.

ನೋಂದಣಿ ಆದಮೇಲೆ ಎರಡು ದಾರಿ

ಕಿರಾಣಿಯವರು ಸಾಮಾನ್ಯ ನೋಂದಣಿ ತಗೊಂಡರೆ ಎರಡೂ ಮಳಿಗೆಗೆ ತಿಂಗಳಿಗೆ 9,000ದ ಮೇಲೆ 1,620 ಜಿಎಸ್‌ಟಿ ಹಾಕಿ ಬಿಲ್ ಕೊಡಲೇಬೇಕು. ಬಾಡಿಗೆ ಕಮ್ಮಿ, ಬಾಡಿಗೆದಾರರು ಬಡವರು ಅಂತ ಬಿಡೋ ಹಾಗಿಲ್ಲ. ಹಾರ್ಡ್‌ವೇರ್ ಅಂಗಡಿಗೆ ಅಂತಲೋ, ಗೊಬ್ಬರದ ಅಂಗಡಿಗೆ ಅಂತಲೋ ಮೊದಲೇ ಸಾಮಾನ್ಯ ನೋಂದಣಿ ಮಾಡಿಸಿಕೊಂಡಿರೋ ಮಾಲೀಕರಿಗೂ ಇದೇ ನಿಯಮ. ಅವರು 5,000 ರೂಪಾಯಿ ಮಳಿಗೆಗೂ ಅದೇ ನಂಬರಿನಲ್ಲಿ 18 ಪರ್ಸೆಂಟ್ ಹಾಕಬೇಕು. ಇದರ ಬಿಸಿ ತಟ್ಟೋದು ನೋಂದಣಿ ಇಲ್ಲದ ಬಾಡಿಗೆದಾರರಿಗೆ. ಅವರಿಗೆ ಇನ್‌ಪುಟ್ ಸಿಗಲ್ಲ, 9,000ದ ಬಾಡಿಗೆ 10,620 ಆಗಿಬಿಡುತ್ತೆ.

ಎರಡನೇ ದಾರಿ ಕಾಂಪೋಸಿಷನ್. ಇದರಲ್ಲಿ ವ್ಯಾಪಾರಿಗಳು ತೆರಿಗೆ ಬೀಳೋ ವಹಿವಾಟಿಗೆ 1 ಪರ್ಸೆಂಟ್ ಕೈಯಿಂದ ಕಟ್ಟಬೇಕು. ಹಿಂದಿನ ವರ್ಷದ ವಹಿವಾಟಿನ 10 ಪರ್ಸೆಂಟ್ ಅಥವಾ 5 ಲಕ್ಷ, ಇದರಲ್ಲಿ ಯಾವುದು ಜಾಸ್ತಿಯೋ ಅಷ್ಟರವರೆಗೆ ಬಾಡಿಗೆಯಂಥ ಸೇವೆಯೂ ಇರಬಹುದು. 2 ಲಕ್ಷ 16 ಸಾವಿರ ಅದರೊಳಗೇ ಬರುತ್ತೆ. ಆಗ ವರ್ಷದ ಬಾಡಿಗೆಗೆ ಅವರು ಕಟ್ಟೋದು 2,160 ರೂಪಾಯಿ ಮಾತ್ರ. ಆದರೆ ಅದನ್ನು ಬಾಡಿಗೆದಾರರ ಹತ್ತಿರ ಜಿಎಸ್‌ಟಿ ಅಂತ ವಸೂಲಿ ಮಾಡೋಕೆ ಆಗಲ್ಲ, ತಾವು ಕೊಂಡ ಸಾಮಾನಿನ ಇನ್‌ಪುಟ್ಟೂ ಸಿಗಲ್ಲ. ಸಣ್ಣ ಕಿರಾಣಿಗೆ ಯಾವುದು ವಾಸಿ ಅನ್ನೋದು ಖರೀದಿ ಬಿಲ್ ಮುಂದಿಟ್ಟುಕೊಂಡು ಲೆಕ್ಕ ಹಾಕಿದರೆ ಮಾತ್ರ ತಿಳಿಯುತ್ತೆ.

ಮಾಲೀಕರು ಜಿಎಸ್‌ಟಿ ಕೇಳಿದರೆ ಏನು ನೋಡಬೇಕು?

ಮೊದಲು ಅವರ ಜಿಎಸ್‌ಟಿ ನಂಬರ್ ಕೇಳಿ. ಅದರಲ್ಲಿ 15 ಅಕ್ಷರ, ಅಂಕಿ ಇರುತ್ತೆ. ಕರ್ನಾಟಕದ ನಂಬರ್ 29ರಿಂದ ಶುರುವಾಗುತ್ತೆ. gst.gov.in ವೆಬ್‌ಸೈಟ್‌ನ Search Taxpayer ವಿಭಾಗದಲ್ಲಿ ಅದನ್ನು ಹಾಕಿದರೆ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯಾ ಅನ್ನೋದು ಬರುತ್ತೆ. Regular ಅಂತಿದ್ದರೆ ಬಿಲ್ ತಗೊಂಡು ಕೊಡಿ. Composition ಅಂತಿದ್ದರೆ ಅವರು ಕೇಳೋ ಹಾಗಿಲ್ಲ. ನಂಬರೇ ಇಲ್ಲ ಅಂದರೆ ಕೊಡಬೇಡಿ. ನೋಂದಣಿ ಇಲ್ಲದೆ ತೆರಿಗೆ ಅಂತ ವಸೂಲಿ ಮಾಡಿದ ದುಡ್ಡನ್ನು ಮಾಲೀಕರು ಜೇಬಿಗೆ ಹಾಕಿಕೊಳ್ಳೋಕೆ ಆಗಲ್ಲ, ಸರ್ಕಾರಕ್ಕೇ ಕಟ್ಟಬೇಕು.

ಕರಾರು ಪತ್ರ ಬರೆಸುವಾಗ ಒಂದು ಸಾಲು ಮರೀಬೇಡಿ: ಬಾಡಿಗೆ ಜಿಎಸ್‌ಟಿ ಸೇರಿಯೋ, ಹೊರತುಪಡಿಸಿಯೋ. 11,800ಕ್ಕೆ ಮಾತಾಗಿ ಜಿಎಸ್‌ಟಿ ಸೇರಿ ಅಂತ ಬರೆದಿದ್ದರೆ ಬಾಡಿಗೆ 10,000, ತೆರಿಗೆ 1,800. ಹೊರತು ಅಂತಿದ್ದರೆ ಅದೇ ಮಳಿಗೆಗೆ 13,924 ಕೊಡಬೇಕಾಗುತ್ತೆ. ಇನ್ನು ಅಡ್ವಾನ್ಸ್ ವಿಚಾರ. ಖಾಲಿ ಮಾಡುವಾಗ ವಾಪಸ್ ಕೊಡೋ ಅಡ್ವಾನ್ಸ್‌ಗೆ ಜಿಎಸ್‌ಟಿ ಇಲ್ಲ. ಕೊನೆಗೆ ಅದರಲ್ಲೇ ನಾಲ್ಕು ತಿಂಗಳ ಬಾಡಿಗೆ ಮುರಿದುಕೊಂಡರೆ, ಮುರಿದಷ್ಟಕ್ಕೆ ಬಾಡಿಗೆಯ ನಿಯಮವೇ ಅನ್ವಯ.

ಇನ್‌ಕಮ್ ಟ್ಯಾಕ್ಸ್ ಬೇರೆ, ಇದು ಬೇರೆ

ಜಿಎಸ್‌ಟಿ ಇಲ್ಲ ಅಂದ ಮಾತ್ರಕ್ಕೆ ಬಾಡಿಗೆಗೆ ತೆರಿಗೆಯೇ ಇಲ್ಲ ಅಂತಲ್ಲ. ಮೇಷ್ಟ್ರು 6 ಲಕ್ಷ 60 ಸಾವಿರ ಬಾಡಿಗೆಯನ್ನು ಇನ್‌ಕಮ್ ಟ್ಯಾಕ್ಸ್ ರಿಟರ್ನ್‌ನಲ್ಲಿ ತೋರಿಸಬೇಕು. ಪುರಸಭೆಗೆ 20,000 ಕಂದಾಯ ಕಟ್ಟಿದ್ದರೆ ಅದನ್ನು ಕಳೀಬಹುದು. ಉಳಿದ 6 ಲಕ್ಷ 40 ಸಾವಿರದಲ್ಲಿ 30 ಪರ್ಸೆಂಟ್, ಅಂದರೆ 1 ಲಕ್ಷ 92 ಸಾವಿರವನ್ನು ಯಾವ ಬಿಲ್ಲೂ ಇಲ್ಲದೆ ಬಿಡ್ತಾರೆ. ಮಿಕ್ಕ 4 ಲಕ್ಷ 48 ಸಾವಿರ ಅವರ ಪೆನ್ಷನ್ ಜೊತೆ ಸೇರುತ್ತೆ.

ಮೇಷ್ಟ್ರು ಮಾಡಬೇಕಾದ್ದು ಅಷ್ಟೇ. ನಿಯಮ ಬದಲಾದ ಮೇಲೆ ಲೆಕ್ಕ ಮತ್ತೆ ನೋಡಿಕೊಳ್ಳಬೇಕಾದವರು ಇಬ್ಬರು: ನೋಂದಣಿ ಇದ್ದು 3.1(d) ಖಾಲಿ ಬಿಟ್ಟಿರೋ ಬಾಡಿಗೆದಾರರು, ಮತ್ತೆ 20 ಲಕ್ಷಕ್ಕಿಂತ ಜಾಸ್ತಿ ವ್ಯಾಪಾರದ ಜೊತೆ ಮಳಿಗೆ ಬಾಡಿಗೆಯನ್ನೂ ತಗೊಳ್ತಾ 40 ಲಕ್ಷದ ಲೆಕ್ಕ ನಂಬಿ ಕೂತಿರೋ ಅಂಗಡಿಯವರು. ಇಲಾಖೆಯ ನೋಟಿಸ್ ಬರೋ ಮೊದಲೇ ಆಡಿಟರ್ ಹತ್ತಿರ ಹೋದರೆ ಬಾಕಿ ಮತ್ತು ಬಡ್ಡಿಯಲ್ಲಿ ಮುಗಿಯಬಹುದು, ನೋಟಿಸ್ ಬಂದಮೇಲೆ ಅದರ ಜೊತೆ ದಂಡದ ಮಾತೂ ಶುರುವಾಗುತ್ತೆ.