ಹಿಮ್ಮುಖ ಅಡಮಾನ: ಅರವತ್ತಕ್ಕೇ ಆತುರವೇಕೆ?

ಸಾಲ ತಂದು ಮನೆ ಕಟ್ಟಿದವರು ತಿಂಗಳು ತಿಂಗಳು ಕಂತು ಕಟ್ಟಿ ಸಾಲ ಇಳಿಸುತ್ತಾರೆ. ರಿವರ್ಸ್ ಮಾರ್ಟ್‌ಗೇಜ್ ಎಂಬ ಹಿಮ್ಮುಖ ಅಡಮಾನದಲ್ಲಿ ಬ್ಯಾಂಕೇ ಮನೆಯ ಯಜಮಾನರಿಗೆ ಕಂತು ಕೊಡುತ್ತದೆ, ಸಾಲ ಏರುತ್ತ ಹೋಗುತ್ತದೆ. ರಾಷ್ಟ್ರೀಯ ವಸತಿ ಬ್ಯಾಂಕ್ 2007ರಲ್ಲಿ ಇದಕ್ಕೆ ಮಾರ್ಗಸೂಚಿ ಕೊಟ್ಟಿತು. ಹೀಗೆ ಬರುವ ಹಣ ಸಾಲವಾದ್ದರಿಂದ ಅದಕ್ಕೆ ಆದಾಯ ತೆರಿಗೆಯಿಲ್ಲ. 60 ತುಂಬಿದವರು ತಾವು ವಾಸವಿರುವ, ಸ್ವಂತ ಸಂಪಾದನೆಯ ಮನೆಯ ಮೇಲೆ ಇದನ್ನು ಪಡೆಯಬಹುದು. ಆದರೆ 60ಕ್ಕೇ ಪಡೆಯುವುದು ಬಹುಪಾಲು ಜನರಿಗೆ ಲಾಭದ ದಾರಿಯಲ್ಲ. ಬೇರೆ ಆಸರೆ ಇರುವಷ್ಟು ಕಾಲ ಕಾಯುವುದೇ ಸರಿ ಎಂಬುದು ನನ್ನ ವಾದ.

ಲೆಕ್ಕ ನೋಡೋಣ. ಪಾಂಡವಪುರ ಪಟ್ಟಣದಲ್ಲಿ 40 ಲಕ್ಷ ರೂಪಾಯಿ ಬಾಳುವ ಮನೆಯೊಂದಿದೆ ಎಂದಿಟ್ಟುಕೊಳ್ಳಿ. ಅವಧಿ ಮುಗಿಯುವಾಗ ಅಸಲು ಬಡ್ಡಿ ಸೇರಿ ಮನೆ ಬೆಲೆಯ ಶೇ. 60, ಅಂದರೆ 24 ಲಕ್ಷ ಆಗುವಂತೆ ಬ್ಯಾಂಕು ಕಂತು ಗೊತ್ತುಮಾಡುತ್ತದೆ ಎನ್ನೋಣ. ಬಡ್ಡಿ ಶೇ. 10, ಅವಧಿ 15 ವರ್ಷವಾದರೆ ತಿಂಗಳಿಗೆ ಸಿಗುವುದು ಸುಮಾರು 5,800 ರೂಪಾಯಿ ಮಾತ್ರ. ಹದಿನೈದು ವರ್ಷದಲ್ಲಿ ಕೈಗೆ ಬಂದದ್ದು ಸುಮಾರು ಹತ್ತೂವರೆ ಲಕ್ಷ. ಉಳಿದ ಹದಿಮೂರೂವರೆ ಲಕ್ಷ ಬಡ್ಡಿ. ಐದನೆಯ ವರ್ಷದ ಕೊನೆಗೆ ನಾಲ್ಕೂವರೆ ಲಕ್ಷವಿದ್ದ ಸಾಲ ಹತ್ತನೆಯ ವರ್ಷಕ್ಕೆ ಹನ್ನೆರಡು ಲಕ್ಷದ ಹತ್ತಿರ ಬರುತ್ತದೆ. ಬಡ್ಡಿಯ ಮೇಲೆ ಬಡ್ಡಿ ಬೀಳುವುದರಿಂದ ಕೊನೆಯ ವರ್ಷಗಳಲ್ಲೇ ಏರಿಕೆ ಹೆಚ್ಚು. ಇನ್ನೂ ಗಮನಿಸಬೇಕಾದ್ದೆಂದರೆ, ಅವಧಿ ಮುಗಿದಾಗ ಕಂತು ನಿಲ್ಲುತ್ತದೆ, ಬಡ್ಡಿ ನಿಲ್ಲುವುದಿಲ್ಲ. ಮತ್ತೆ ಐದು ವರ್ಷ ಬದುಕಿದರೆ 24 ಲಕ್ಷದ ಸಾಲ ಮೂವತ್ತೊಂಬತ್ತೂವರೆ ಲಕ್ಷವಾಗುತ್ತದೆ. ಅರವತ್ತಕ್ಕೆ ಶುರು ಮಾಡಿದವರಿಗೆ ಎಪ್ಪತ್ತೈದರಲ್ಲಿ, ಔಷಧದ ಖರ್ಚು ಏರುವ ಹೊತ್ತಿಗೆ, ಕಂತು ನಿಂತಿರುತ್ತದೆ. ಅದೇ ಮನೆಯ ಮೇಲೆ ಎಪ್ಪತ್ತೈದಕ್ಕೆ, ಹತ್ತು ವರ್ಷದ ಅವಧಿಗೆ ಪಡೆದರೆ ಕಂತು ಸುಮಾರು 11,700 ರೂಪಾಯಿ; ಎರಡರಷ್ಟು.

ಮನೆ ಬ್ಯಾಂಕಿನದಾಗಿಬಿಡುತ್ತದೆ ಎಂಬ ಭಯ ಹಲವರಿಗಿದೆ. ಅದು ನಿಜವಲ್ಲ. ಒಡೆತನ ಮನೆಯವರದೇ, ಖಾತೆ ಅವರ ಹೆಸರಲ್ಲೇ ಇರುತ್ತದೆ. ಬ್ಯಾಂಕಿನದು ಅಡಮಾನದ ಹಕ್ಕು ಮಾತ್ರ. ಅವಧಿ ಮುಗಿದ ಮೇಲೂ ಬದುಕಿರುವವರೆಗೆ ಅಲ್ಲೇ ವಾಸಿಸಬಹುದು. ಆದರೆ ಮನೆ ಕಂದಾಯ, ವಿಮೆ, ರಿಪೇರಿ ಅವರದೇ ಹೊಣೆ, ಮತ್ತು ಮನೆ ಬಿಟ್ಟು ಮಕ್ಕಳ ಜೊತೆ ಬೆಂಗಳೂರಿಗೆ ಹೋಗಿ ಒಂದು ವರ್ಷ ನಿರಂತರವಾಗಿ ಉಳಿದುಬಿಟ್ಟರೆ ಬ್ಯಾಂಕು ಸಾಲ ವಾಪಸು ಕೇಳಬಹುದು. ಹೆಂಡತಿಗೆ 55 ದಾಟಿದ್ದರೆ ಅವರನ್ನೂ ಸಾಲದಲ್ಲಿ ಜಂಟಿಯಾಗಿ ಸೇರಿಸಬಹುದು. ಆಗ ಇಬ್ಬರಲ್ಲಿ ಕೊನೆಯವರು ತೀರಿಕೊಳ್ಳುವವರೆಗೂ ಸಾಲ ತೀರಿಸುವ ಪ್ರಶ್ನೆ ಬರುವುದಿಲ್ಲ.

ಮಕ್ಕಳಿಗೆ ಏನೂ ಉಳಿಯದಂತೆ ಮಾಡುವ ಬದಲು ಮನೆ ಮಾರಿ ಬಾಡಿಗೆಗೆ ಹೋಗಬಹುದಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಮನೆ ಅಗತ್ಯಕ್ಕಿಂತ ದೊಡ್ಡದಾಗಿದ್ದರೆ ಮಾರಿ ಚಿಕ್ಕದು ಕೊಳ್ಳುವುದೇ ಮೇಲು. ನೆರೆಹೊರೆ ಬಿಡಲಾಗದ ಹಿರಿಯರಿಗೆ ಮಾತ್ರ ಈ ಸಾಲ ಅರ್ಥಪೂರ್ಣ. ಆದರೆ ನಮ್ಮ ಭಾಗದಲ್ಲಿ ದೊಡ್ಡ ಅಡ್ಡಿ ಬೇರೆಯದು. ನಾಗಮಂಗಲ, ಕೆ.ಆರ್. ಪೇಟೆಯ ಹಳ್ಳಿಗಳಲ್ಲಿ ಅಣ್ಣತಮ್ಮಂದಿರ ನಡುವೆ ಪಾಲಾಗದ ಪಿತ್ರಾರ್ಜಿತ ಮನೆಗಳಿಗೆ ಈ ಸಾಲ ಸಿಗುವುದಿಲ್ಲ. ಶ್ರೀರಂಗಪಟ್ಟಣದ ಕೋಟೆಯೊಳಗೆ, ಸಂರಕ್ಷಿತ ಸ್ಮಾರಕಗಳಿಂದ 100 ಮೀಟರ್ ಒಳಗಿನ ಮನೆಯನ್ನು ಕೆಡವಿ ಹೊಸದು ಕಟ್ಟುವಂತಿಲ್ಲ; ಕೊಳ್ಳುವವರು ಹಿಂಜರಿದರೆ ಬ್ಯಾಂಕು ಕಟ್ಟುವ ಬೆಲೆಯೂ ತಗ್ಗುತ್ತದೆ. ಇನ್ನೂ ಇಪ್ಪತ್ತು ವರ್ಷ ಬಾಳುವ ಕಟ್ಟಡವೇ ಎಂದು ಕೂಡ ಬ್ಯಾಂಕಿನವರು ನೋಡುತ್ತಾರೆ.

ಹಿರಿಯರ ಕಾಲಾನಂತರ ವಾರಸುದಾರರು ಮೊದಲು ಮರಣ ಪ್ರಮಾಣ ಪತ್ರದೊಂದಿಗೆ ಬ್ಯಾಂಕಿಗೆ ಹೋಗಿ ಆ ದಿನದ ಬಾಕಿಯನ್ನು ಬರಹದಲ್ಲಿ ಪಡೆಯಬೇಕು. ಬಾಕಿ ಕಟ್ಟಿ ಮನೆ ಉಳಿಸಿಕೊಳ್ಳುವ ಮೊದಲ ಅವಕಾಶ ಅವರದು. ಕಟ್ಟಲಾಗದಿದ್ದರೆ ಮನೆ ಮಾರಾಟವಾಗುತ್ತದೆ. ಬಾಕಿ ಕಳೆದು ಉಳಿದದ್ದು ಅವರಿಗೇ ಸೇರುತ್ತದೆ. ಮಾರಾಟದ ಹಣ ಸಾಲಕ್ಕಿಂತ ಕಡಿಮೆಯಾದರೆ ಆ ಕೊರತೆಯನ್ನು ವಾರಸುದಾರರಿಂದ ಕೇಳುವಂತಿಲ್ಲ ಎಂಬ ರಕ್ಷಣೆ ಮಾರ್ಗಸೂಚಿಯಲ್ಲೇ ಇದೆ. ಆದರೆ ಮಾರ್ಗಸೂಚಿ ಸೂಚಿಸುವ ಕಾಲಾವಕಾಶ ಎರಡು ತಿಂಗಳಷ್ಟೇ, ಉಯಿಲಿಲ್ಲದಿದ್ದರೆ ಹೆಣ್ಣುಮಕ್ಕಳೂ ಸೇರಿ ಎಲ್ಲರ ಸಹಿ ಬೇಕು. ಒಬ್ಬರು ಒಪ್ಪದಿದ್ದರೂ ದಿನ ಉರುಳುತ್ತದೆ, ಬಡ್ಡಿ ಏರುತ್ತದೆ. ಹಾಗಾಗಿ ಸಾಲ ಮಾಡುವಾಗಲೇ ಉಯಿಲು ನೋಂದಾಯಿಸಿ, ಮಕ್ಕಳೆಲ್ಲರಿಗೂ ತಿಳಿಸಿಡಬೇಕು. ಸಾಲ ತೀರಿದ ಮೇಲೆ ಮೂಲ ಪತ್ರಗಳನ್ನು ಮರಳಿ ಪಡೆದು, ಋಣಭಾರ ಪತ್ರದಲ್ಲಿ ಅಡಮಾನ ತೆಗೆದುಹಾಕಿದೆಯೇ ಎಂದು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಖಚಿತಪಡಿಸಿಕೊಂಡೇ ಪೌತಿ ಖಾತೆಗೆ ಅರ್ಜಿ ಹಾಕಬೇಕು.