‘ನಿಮ್ಮ ಮಾತಿನಲ್ಲಿ ಬರೆಯಿರಿ’ ಎಂದರೆ ಯಾರಿಗೆ, ಏಕೆ, ಯಾವ ಧಾಟಿಯಲ್ಲಿ?

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಅಭ್ಯಾಸ ಬೋಧನೆ ಮಾಡುವ ನಾವೆಲ್ಲ ಪಾಠಯೋಜನೆಯ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಚಟುವಟಿಕೆ ಸೇರಿಸುತ್ತೇವೆ: ‘ಈ ಭಾಗವನ್ನು ನಿಮ್ಮ ಸ್ವಂತ ಮಾತಿನಲ್ಲಿ ಬರೆಯಿರಿ.’ ಇದಕ್ಕೆ ಬರುವ ಉತ್ತರಗಳು ಬಹುತೇಕ ಒಂದೇ ಬಗೆಯವು. ತಪ್ಪಿರುವುದಿಲ್ಲ, ಜೀವವೂ ಇರುವುದಿಲ್ಲ. ಇದಕ್ಕೆ ಮಕ್ಕಳಿಗಿಂತ ನಮ್ಮ ಸೂಚನೆಯೇ ಹೆಚ್ಚು ಕಾರಣ. ಒಂದೇ ಪಾಠಭಾಗವನ್ನು ಹಿಡಿದು ಅದು ಹೇಗೆಂದು ನೋಡೋಣ.

ಮೂಲ ಭಾಗ ಮತ್ತು ಮೊದಲ ಉತ್ತರ

ರೋಗಗಳ ಪಾಠಕ್ಕೆ ಸ್ಥಳೀಯ ಉದಾಹರಣೆಯಾಗಿ ಮಂಗನ ಕಾಯಿಲೆಯನ್ನು ಆರಿಸಿಕೊಳ್ಳಲಾಗಿತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ಕಾಯಿಲೆ 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜೀವಗಳನ್ನು ತೆಗೆದುಕೊಂಡಿತು. ನಮ್ಮ ಮಕ್ಕಳಿಗೆ ಇದು ದೂರದ ವಿಷಯವಲ್ಲ. ಕಪ್ಪುಹಲಗೆಯ ಮೇಲೆ ಬರೆದ ಭಾಗ ಹೀಗಿತ್ತು:

‘ಕ್ಯಾಸನೂರು ಕಾಡಿನ ಕಾಯಿಲೆಯು ವೈರಸ್‌ನಿಂದ ಉಂಟಾಗುವ ರೋಗವಾಗಿದೆ. ಇದು ಸೋಂಕಿತ ಉಣ್ಣೆಗಳ ಕಡಿತದ ಮೂಲಕ ಮಾನವರಿಗೆ ಹರಡುತ್ತದೆ. ಮಂಗಗಳೂ ಈ ಸೋಂಕಿಗೆ ತುತ್ತಾಗಿ ಸಾಯುತ್ತವೆ. ಹಠಾತ್ ಜ್ವರ, ತಲೆನೋವು ಮತ್ತು ಸ್ನಾಯುಗಳ ನೋವು ಪ್ರಮುಖ ಲಕ್ಷಣಗಳಾಗಿವೆ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ.’

‘ನಿಮ್ಮ ಮಾತಿನಲ್ಲಿ ಬರೆಯಿರಿ’ ಎಂದಾಗ ಬಂದದ್ದು: ‘ಕ್ಯಾಸನೂರು ಕಾಡಿನ ರೋಗವು ವೈರಾಣುವಿನಿಂದ ಬರುವ ಕಾಯಿಲೆಯಾಗಿದೆ. ಇದು ಸೋಂಕು ತಗುಲಿದ ಉಣ್ಣೆಗಳು ಕಚ್ಚುವುದರಿಂದ ಮನುಷ್ಯರಿಗೆ ಹರಡುತ್ತದೆ…’

ವಾಕ್ಯಗಳ ಕ್ರಮ ಅದೇ, ಸಂಖ್ಯೆಯೂ ಅದೇ. ರೋಗವಿದ್ದಲ್ಲಿ ಕಾಯಿಲೆ, ಮಾನವರಿದ್ದಲ್ಲಿ ಮನುಷ್ಯರು ಬಂದಿದ್ದಾರೆ. ಈ ಉತ್ತರ ಬರೆಯಲು ಪಾಠ ಅರ್ಥವಾಗಿರಬೇಕೆಂದೇನೂ ಇಲ್ಲ, ಸಮಾನಾರ್ಥಕ ಪದಗಳು ಗೊತ್ತಿದ್ದರೆ ಸಾಕು.

ಹೀಗಾಗುವುದಕ್ಕೆ ಕಾರಣ ಸರಳ. ಒಂದು ಬರಹವನ್ನು ಹೊಸದಾಗಿ ಬರೆಯುವವರು ನಾಲ್ಕು ತೀರ್ಮಾನ ಮಾಡಬೇಕು: ಯಾವುದನ್ನು ಬಿಡುವುದು, ಯಾವುದನ್ನು ಮೊದಲು ಹೇಳುವುದು, ಯಾವುದನ್ನು ಬಿಡಿಸಿ ಹೇಳುವುದು, ಹೇಗೆ ಮಾತನಾಡಿಸುವುದು. ಓದುವವರು ಯಾರೆಂದು ಗೊತ್ತಿಲ್ಲದಿದ್ದರೆ ಈ ನಾಲ್ಕಕ್ಕೂ ಆಧಾರವಿರುವುದಿಲ್ಲ. ಆಗ ಯಾವುದನ್ನೂ ಬಿಡದೆ, ಯಾವುದನ್ನೂ ಕದಲಿಸದೆ ಪದಗಳನ್ನಷ್ಟೇ ಬದಲಿಸುವುದು ಮಗುವಿಗೆ ಅತ್ಯಂತ ಸುರಕ್ಷಿತ ದಾರಿ.

ಒಂದೊಂದಾಗಿ ಸೇರಿಸಿದಾಗ

ಮೊದಲು ಓದುಗರನ್ನು ಮಾತ್ರ ಹೆಸರಿಸಲಾಯಿತು: ‘ಕೊಟ್ಟಿಗೆಗೆ ದರಗು ತರಲು ಬೆಟ್ಟಕ್ಕೆ ಹೋಗುವ ನಿಮ್ಮ ಅಜ್ಜಿಗೆ ತಿಳಿಸಿ.’ ಬದಲಾವಣೆ ಕಂಡಿತು, ಆದರೆ ಅಲ್ಪ. ಆರಂಭದಲ್ಲಿ ‘ಪ್ರೀತಿಯ ಅಜ್ಜಿ’ ಬಂತು, ಅದರ ಕೆಳಗೆ ಮತ್ತೆ ಹಲಗೆಯ ವಾಕ್ಯಗಳು. ಒಂದು ಲಾಭ ಮಾತ್ರ ಸ್ಪಷ್ಟ: ‘ಉಣ್ಣೆ’ ಹೋಗಿ ‘ಉಣುಗು’ ಬಂತು. ಉಣ್ಣೆ ಎಂದರೆ ಅಜ್ಜಿ ಕಂಬಳಿಯ ಉಣ್ಣೆ ಎಂದುಕೊಂಡಾರು ಎಂಬುದು ಮಕ್ಕಳಿಗೆ ಹೊಳೆದಿತ್ತು.

ಆಮೇಲೆ ಉದ್ದೇಶ ಸೇರಿತು: ‘ನಾಳೆ ಬೆಳಿಗ್ಗೆ ಬೆಟ್ಟಕ್ಕೆ ಹೊರಡುವ ಮುನ್ನ ಏನು ಮಾಡಬೇಕು, ಬಂದ ಮೇಲೆ ಏನು ಮಾಡಬೇಕು, ಜ್ವರ ಬಂದರೆ ಏನು ಮಾಡಬೇಕು ಎಂಬುದು ಅವರಿಗೆ ತಿಳಿಯಬೇಕು.’ ಕೂಡಲೇ ಒಂದು ಕೊರತೆ ಎದ್ದು ಕಂಡಿತು. ಈ ಪ್ರಶ್ನೆಗಳಿಗೆ ಮೂಲ ಭಾಗದಲ್ಲಿ ಉತ್ತರವೇ ಇರಲಿಲ್ಲ. ಆದ್ದರಿಂದ ಉದ್ದೇಶ ಕೊಡುವಾಗ ಜೊತೆಗೊಂದು ಸಂಗತಿ ಪಟ್ಟಿಯನ್ನೂ ಕೊಡಬೇಕು. ಅದರಲ್ಲಿ ಇದ್ದವು: ಸತ್ತ ಮಂಗದ ಮೈಯಿಂದ ಉಣುಗುಗಳು ನೆಲಕ್ಕೆ ಉದುರುತ್ತವೆ, ಮರಿ ಉಣುಗುಗಳ ಕಾಟ ಹೆಚ್ಚಿರುವುದು ಡಿಸೆಂಬರ್‌ನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ, ಆರೋಗ್ಯ ಇಲಾಖೆ ಕೊಡುವ ತೈಲವನ್ನು ಮೈಗೆ ಹಚ್ಚಿಕೊಳ್ಳಬೇಕು, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಬೇಕು, ಸೋಂಕು ತಗುಲಿದ 3ರಿಂದ 8 ದಿನಗಳಲ್ಲಿ ಜ್ವರ ಕಾಣಿಸುತ್ತದೆ. ಪಟ್ಟಿ ಸಿಕ್ಕಾಗ ಕ್ರಮ ಬದಲಾಯಿತು, ವೈರಸ್‌ನ ವಾಕ್ಯ ಬಿದ್ದುಹೋಯಿತು. ಆದರೂ ‘ತೈಲವನ್ನು ಲೇಪಿಸಿಕೊಳ್ಳತಕ್ಕದ್ದು’ ಎಂಬ ಸುತ್ತೋಲೆಯ ಭಾಷೆ ಉಳಿದೇ ಇತ್ತು. ಬರಹ ಎಂದರೆ ಹೀಗೇ ಇರಬೇಕು ಎಂದು ಮಕ್ಕಳು ನಂಬಿರುವುದು ಸಹಜ. ಅವರು ಶಾಲೆಯಲ್ಲಿ ಓದಿರುವ ವಿಜ್ಞಾನದ ಬರಹವೆಲ್ಲ ಆ ಧಾಟಿಯದೇ.

ಮೂರನೆಯದಾಗಿ ಧಾಟಿಯ ಮಾದರಿ. ಇದನ್ನು ಬೇಕೆಂದೇ ಬೇರೆ ವಿಷಯದಿಂದ, ಅಡಿಕೆ ತೋಟದ ಔಷಧಿ ಸಿಂಪಡಣೆಯಿಂದ, ಆರಿಸಲಾಯಿತು:

‘ಮೈಲುತುತ್ತ ಬೇರೆ, ಸುಣ್ಣ ಬೇರೆ ಕದಡಿ, ಆಮೇಲೆ ಸೇರಿಸಿ. ಅದೊಂದು ಕೆಜಿ, ಇದೊಂದು ಕೆಜಿ, ಒಟ್ಟು ನೂರು ಲೀಟರ್ ನೀರು. ಮಳೆ ಹಿಡಿಯೋ ಮುಂಚೆ ಒಂದ್ಸಲ ಹೊಡೆದುಬಿಡಿ. ಕೊಳೆ ಬಂದ್ಮೇಲೆ ಅತ್ತರೆ ಉದುರಿದ ಕಾಯಿ ಮರ ಹತ್ತುತ್ತಾ?’

ಒಂದು ಗುಂಪಿನ ಬರಹ ಈಗ ಹೀಗಾಯಿತು:

‘ಅಜ್ಜಿ, ನಾಳೆ ದರಗಿಗೆ ಹೋಗೋ ಮುಂಚೆ ಆಸ್ಪತ್ರೆಯವರು ಕೊಟ್ಟ ಎಣ್ಣೆ ಕೈಕಾಲಿಗೆ ಹಚ್ಕೋ. ನಮಗೆ ಕಾಯಿಲೆ ಅಂಟಿಸೋದು ಉಣುಗು. ಮಂಗ ಸತ್ತ ಜಾಗದಲ್ಲಿ ಅದರ ಮೈಮೇಲಿನ ಉಣುಗೆಲ್ಲ ಕೆಳಗೆ ಉದುರಿರುತ್ತೆ, ಅಲ್ಲಿ ಗುಡಿಸೋಕೆ ಹೋಗ್ಬೇಡ. ಮನೆಗೆ ಬಂದ ತಕ್ಷಣ ಬಿಸಿನೀರು ಹುಯ್ಕೋ. ಎಂಟು ದಿನದೊಳಗೆ ಜ್ವರ, ತಲೆನೋವು ಬಂದ್ರೆ ಕಷಾಯ ಕುಡಿದು ಮಲಗ್ಬೇಡ, ಡಾಕ್ಟರ ಹತ್ರ ಬೆಟ್ಟಕ್ಕೆ ಹೋಗಿದ್ದೆ ಅಂತ ಹೇಳು. ನಿನ್ನಿಂದ ನಮಗೇನೂ ಅಂಟಲ್ಲ.’

ಮಾದರಿಯಲ್ಲಿ ‘ಹೊಡೆದುಬಿಡಿ’ ಎಂಬ ಬಹುವಚನವಿತ್ತು, ಇಲ್ಲಿ ಅಜ್ಜಿಗೆ ‘ಹಚ್ಕೋ’ ಎಂಬ ಸಲುಗೆ ಬಂದಿದೆ. ಅಂದರೆ ಮಾದರಿಯಿಂದ ಅವರು ತೆಗೆದುಕೊಂಡದ್ದು ವಾಕ್ಯದ ಅಳತೆ ಮತ್ತು ಓಟ. ಮಾತನಾಡಿಸುವ ರೀತಿಯನ್ನು ಓದುಗರನ್ನು ನೋಡಿ ತಾವೇ ನಿರ್ಧರಿಸಿದ್ದಾರೆ. ಮಾದರಿಯನ್ನು ಮಂಗನ ಕಾಯಿಲೆಯ ಮೇಲೆಯೇ ಕೊಟ್ಟಿದ್ದರೆ ಅದು ನಕಲಾಗುತ್ತಿತ್ತು. ಕೊನೆಯ ವಾಕ್ಯವನ್ನೂ ಗಮನಿಸಬೇಕು. ಮೂಲದ ‘ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ’ ಎಂಬ ಸಂಗತಿಯೇ ಇಲ್ಲಿ ಅಜ್ಜಿಗೆ ಧೈರ್ಯ ಹೇಳುವ ಮಾತಾಗಿದೆ.

ಎಲ್ಲಿ ಎಚ್ಚರ ಬೇಕು

ಧಾಟಿ ಸಲೀಸಾದಷ್ಟೂ ವಿಜ್ಞಾನ ಸಡಿಲವಾಗುವ ಅಪಾಯವಿದೆ. ಇನ್ನೊಂದು ಗುಂಪು ‘ಮಂಗ ಮುಟ್ಟಿದ್ರೆ ಮಾತ್ರ ಕಾಯಿಲೆ ಬರುತ್ತೆ’ ಎಂದು ಬರೆದಿತ್ತು. ಓದಲು ಚೆನ್ನಾಗಿದೆ, ವಿಷಯ ಹಳಿ ತಪ್ಪಿದೆ. ಕಾಯಿಲೆಯ ಹೆಸರೇ ಈ ತಪ್ಪಿಗೆ ದಾರಿ ಮಾಡುತ್ತದೆ. ಆದರೆ ಈ ತಪ್ಪು ಕಲ್ಪನೆ ಮೊದಲ ಸೂಚನೆಯ ಉತ್ತರದಲ್ಲಿ ಅಡಗಿ ಕುಳಿತಿತ್ತು, ಎರಡನೆಯದರಲ್ಲಿ ಹೊರಬಂತು ಎಂಬುದು ಶಿಕ್ಷಕರಿಗೆ ಉಪಯುಕ್ತ. ಹಾಗಾಗಿ ತಿದ್ದುವಾಗ ಸಂಗತಿ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಪ್ರತಿ ವಾಕ್ಯವನ್ನೂ ಅದಕ್ಕೆ ತಾಳೆ ನೋಡಬೇಕು. ಭಾಷೆಯ ಮಾತು ಆಮೇಲೆ.

ಪಠ್ಯಪುಸ್ತಕದ ಭಾಷೆ ಕೆಟ್ಟದ್ದು ಎಂಬ ಸಂದೇಶವೂ ಹೋಗಬಾರದು. ಓದುಗರು ಪರೀಕ್ಷೆಯ ಮೌಲ್ಯಮಾಪಕರಾದರೆ ಹಲಗೆಯ ಮೇಲಿನ ಭಾಗವೇ ಸರಿ. ಅಲ್ಲಿ ‘ವೈರಸ್’ ಎಂಬ ಪದ ಬೇಕು, ‘ಬಿಸಿನೀರು ಹುಯ್ಕೋ’ ಬೇಡ. ಅದೇ ಭಾಗವನ್ನು ಇಬ್ಬರು ಓದುಗರಿಗೆ ಬರೆಸಿ ಅಕ್ಕಪಕ್ಕ ಇಟ್ಟರೆ ಯಾವುದು ಏಕೆ ಬದಲಾಯಿತೆಂದು ಮಕ್ಕಳೇ ಹೇಳುತ್ತಾರೆ.

ಮೂರೂ ಸೇರಿದ ಸೂಚನೆಗೆ ಸಮಯ ಹೆಚ್ಚು ಬೇಕು. 40 ನಿಮಿಷದ ಅವಧಿಯ ಕೊನೆಯ 5 ನಿಮಿಷದಲ್ಲಿ ಇದು ಆಗದು. ಗುಂಪುಗಳಲ್ಲಿ 15 ನಿಮಿಷವಾದರೂ ಕೊಡಬೇಕು, ಇಲ್ಲವೇ ಮನೆಗೆಲಸವಾಗಿಸಬೇಕು.

ಸೂಚನೆ ಕೆಲಸ ಮಾಡಿತೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಬರಹದ ಮೇಲಿನ ಸಂಬೋಧನೆಯನ್ನು ಕಾಗದದಿಂದ ಮುಚ್ಚಿ ಬೇರೆ ತರಗತಿಯ ವಿದ್ಯಾರ್ಥಿಗೆ ಕೊಟ್ಟು, ‘ಇದು ಯಾರಿಗೆ ಬರೆದದ್ದು? ಓದಿದವರು ಏನು ಮಾಡಬೇಕು?’ ಎಂದು ಕೇಳಿ. ಎರಡಕ್ಕೂ ಸರಿಯುತ್ತರ ಬಂದರೆ ಸೂಚನೆ ಸಾಕಷ್ಟಿತ್ತು ಎಂದರ್ಥ. ‘ಯಾರಿಗೋ ಗೊತ್ತಿಲ್ಲ’ ಎಂದರೆ, ಮಗುವಿನ ಪುಸ್ತಕಕ್ಕೆ ಕೆಂಪು ಶಾಯಿ ಹಾಕುವ ಮೊದಲು ನಮ್ಮ ಪಾಠಯೋಜನೆಯಲ್ಲಿನ ಸೂಚನೆಯ ಸಾಲನ್ನು ತಿದ್ದಬೇಕು.